ಗುಲಾಬಿ ಕಳಿಸದೆ ಬರೆದ ಮೊದಲ ಓಲೆ

ಅವರೆಕಾಳು ಹಿದುಕುತ್ತ ಕೂತಿದ್ದೆ. ರಾತ್ರಿ ನೆನೆಸಿದ ಕಾಳು ಬೆರಳ ತುದಿಯಲ್ಲಿ ಒತ್ತಿದರೆ ಸಿಪ್ಪೆ ಒಂದು ಕಡೆ, ಬೇಳೆ ಒಂದು ಕಡೆ. ಬೇಳೆ ಪಾತ್ರೆಗೆ ಬೀಳದೆ ದೇವರ ಮನೆ ಹೊಸ್ತಿಲಿಗೆ ಹಾರುವುದೂ ಉಂಟು. ಆಗ ಅದನ್ನು ನೈವೇದ್ಯ ಅಂದುಕೊಂಡು ಸುಮ್ಮನಾಗುತ್ತೇನೆ. ಕಾಲೇಜಿಗೆ ರಜೆ ಇದ್ದ ಮಗಳು ಫೋನ್ ಹಿಡಿದುಕೊಂಡು ಅಡಿಗೆಮನೆಗೆ ಬಂದಳು.

"ಅಮ್ಮ, ನಿನ್ನ ಥರ ಹುಳದ ಹುಚ್ಚಿರೋರು ಒಬ್ಬರು ಸಿಕ್ಕಿದ್ರು. ಪೋರ್ಚುಗಲ್‌ನಲ್ಲಿ."

ಹುಳ ಎಂದರೆ ರೇಷ್ಮೆಹುಳ. ಸುಗಟೂರಿನ ಕಡೆಯ ನನ್ನ ತವರಿನಲ್ಲಿ ಮದುವೆಯಾಗುವ ತನಕ ನಾನು ಸೊಪ್ಪು ಹಾಕಿ ಬೆಳೆದವಳು. ಈಗ ಅಣ್ಣಂದಿರು ಹಿಪ್ಪುನೇರಳೆ ಕಿತ್ತು ಕ್ಯಾಪ್ಸಿಕಂ ಹಾಕಿದ್ದಾರೆ. ಅಮ್ಮ ಇಲ್ಲ. ಮುಳಬಾಗಿಲಿನ ಈ ಮನೆಯಲ್ಲಿ ನಾನು ಹುಳದ ಮಾತೆತ್ತಿದರೆ ನಮ್ಮ ಯಜಮಾನರು ಮೂಗು ಮುಚ್ಚಿಕೊಳ್ಳುತ್ತಾರೆ. ನಾಲ್ಕನೇ ಜ್ವರ ಎದ್ದ, ಅಂದರೆ ನಾಲ್ಕನೇ ಸಲ ಪೊರೆ ಕಳಚಿದ ಹುಳ ಸೊಪ್ಪು ತಿನ್ನುವಾಗ ಹೆಂಚಿನ ಮೇಲೆ ಸಣ್ಣ ಮಳೆ ಬಿದ್ದಂಥ ಸದ್ದಾಗುತ್ತದೆ. ಅದನ್ನು ಕೇಳಿಸಿಕೊಂಡ ಇನ್ನೊಬ್ಬರ ಜತೆ ಮಾತಾಡಿ ಎಷ್ಟೋ ವರ್ಷವಾಗಿತ್ತು. ಅದಕ್ಕೇ ಮಗಳು ಯಾವುದೋ ಪತ್ರಸ್ನೇಹದ ಸೈಟಿನಲ್ಲಿ ನಮ್ಮ ಮನೆಯ ಹೆಸರಲ್ಲಿ ಖಾತೆ ತೆರೆದಿದ್ದಳು.

ಆಯಮ್ಮ ನನ್ನ ವಯಸ್ಸಿನ ಹೆಂಗಸು. ಬೆಟ್ಟದ ಊರಿನಲ್ಲಿ ಈಗಲೂ ಹುಳ ಸಾಕಿ, ಕೈಯಲ್ಲೇ ನೂಲು ತೆಗೆಯುತ್ತಾರಂತೆ. ಬರುವುದು ಪೋರ್ಚುಗೀಸ್ ಒಂದೇ. ತನ್ನ ಪರಿಚಯದ ಕೊನೆಗೆ ಹೀಗೆ ಬರೆದಿದ್ದರು: ಸುಂದರಿ, ಚಿನ್ನ ಅಂತ ಗುಲಾಬಿ ಕಳಿಸುವ ಗಂಡಸರಿಗೆ ಉತ್ತರ ಕೊಡುವುದಿಲ್ಲ, ಬಾಗಿಲು ಹಾಕಿಬಿಡುತ್ತೇನೆ. ಸೈಟಿನ ಕಟ್ಟಳೆಯೂ ಗಟ್ಟಿ. ಎದುರಿನವರು ಉತ್ತರಿಸುವ ತನಕ ನಾವು ಕಳಿಸಬಹುದಾದದ್ದು ಒಂದೇ ಸಂದೇಶ. ಅದು ಕೆಟ್ಟರೆ ಮುಗಿಯಿತು.

ನಮ್ಮ ಖಾತೆಯ ಫೋಟೋದಲ್ಲಿದ್ದವರು ಯಜಮಾನರು. ನಿವೃತ್ತಿಯ ದಿನದ ಚಿತ್ರ, ಪೇಟ, ಶಾಲು, ಹಾರ, ಮೀಸೆ. ಶಾಲಿನ ಅಂಚಿನಲ್ಲಿ ನನ್ನ ಮೊಣಕೈ ಇತ್ತು. ದೇವರ ದಯೆ, ಬಳೆಯಾದರೂ ಕಾಣುತ್ತಿತ್ತು.

ಸಂದೇಶ ಬರೆಯಲು ಮೊದಲು ಮುಂದೆ ಬಂದವರೂ ಅವರೇ. ಮೂವತ್ತು ವರ್ಷ ಲೆಕ್ಕಪತ್ರ ವಿಭಾಗದಲ್ಲಿ ಕಡತ ನೋಡಿದ ಕೈ. "ಮಾನ್ಯರೇ, ತಮ್ಮ ಸ್ನೇಹವನ್ನು ಕೋರಿ ಈ ಮೂಲಕ ವಿನಂತಿಸಿಕೊಳ್ಳಲಾಗಿದೆ" ಎಂದು ಶುರುಮಾಡಿ, "ಶೀಘ್ರ ಪ್ರತ್ಯುತ್ತರ ನಿರೀಕ್ಷಿಸಲಾಗಿದೆ" ಎಂದು ಮುಗಿಸಿದರು. ಮಗಳು ಫೋನಿನಲ್ಲಿ ಅನುವಾದ ಮಾಡಿಸಿದಳು.

"ಕೊನೇಲಿ ಒಂದು ಗುಲಾಬಿ ಹಾಕಮ್ಮ," ಎಂದರು ಅವರು. ದಿನಾ ಬೆಳಿಗ್ಗೆ ಗುಂಪುಗಳಿಗೆಲ್ಲ ಗುಲಾಬಿಯೊಂದಿಗೆ ಶುಭೋದಯ ಕಳಿಸದೆ ಹಲ್ಲುಜ್ಜುವವರಲ್ಲ.

"ಅಪ್ಪ, ಆಯಮ್ಮ ಅದನ್ನೇ ಬೇಡ ಅಂದಿರೋದು."

"ನಂದು ಆ ಥರ ಗುಲಾಬಿ ಅಲ್ಲ ಕಣೇ. ಮರ್ಯಾದೆ ಗುಲಾಬಿ."

ಮಗಳ ಕರಡು ಇನ್ನೊಂದು ತುದಿ. "ಕೆರೀದ" ಅಂತ ಶುರು, ಅಂದರೆ ಪ್ರಿಯೆ. ನಡುವೆ "ನಿಮ್ಮ ನಗು ತುಂಬಾ ಚಂದ". ಕೊನೆಗೆ "ಬೆಯ್ಜಿನ್ಯುಷ್", ಅಂದರೆ ಸಣ್ಣ ಮುತ್ತುಗಳು. ಪೇಟ ಕಟ್ಟಿದ ಮೀಸೆಯ ಕೆಳಗೆ ಈ ಸಾಲುಗಳನ್ನು ನೆನೆದು ನನಗೆ ಬೆವರು ಬಂತು. ನಾನೂ ಒಂದು ಹೇಳಿದೆ: ಎಷ್ಟು ಮಕ್ಕಳು, ಯಾರಿಗಾದರೂ ಮದುವೆ ಆಗಿದೆಯಾ, ಯಜಮಾನರಿಗೆ ಏನು ಕೆಲಸ ಅಂತ ಕೇಳೋಣ. ಬಸ್ಸಿನಲ್ಲಿ ಪಕ್ಕದ ಸೀಟಿನವರನ್ನು ತಾಯಲೂರು ಬರುವಷ್ಟರಲ್ಲಿ ನಾವು ಇಷ್ಟೂ ಕೇಳಿ ಮುಗಿಸಿರುತ್ತೇವೆ.

ಮೂರು ಕರಡೂ ಮಾಲೂರಿನಲ್ಲಿ ಮಗಳಿಗೆ ಪಾಠ ಹೇಳಿದ್ದ ಟೀಚರಮ್ಮನಿಗೆ ಹೋದವು. ಗೋವಾದವರು, ತುಂಬ ವಯಸ್ಸಾಗಿದೆ. ಅವರ ಬಾಲ್ಯದಲ್ಲಿ ಮನೆಮಾತೇ ಪೋರ್ಚುಗೀಸ್. ಓದಿ, ತಕ್ಷಣ ಫೋನ್ ಮಾಡಿದರು.

"ನಿಮ್ಮ ಯಜಮಾನರು ಬರೆದಿರೋದು 'ಎಷ್ಸೆಲೆಂತೀಸಿಮ ಸೆನ್ಯೋರ', ಘನತೆವೆತ್ತ ಮಹನೀಯರೇ ಅಂತ ಆಗಿದೆ. ನಲ್ಲಿ ನೀರು ಬರ್ತಿಲ್ಲ ಅಂತ ಪುರಸಭೆಗೆ ಅರ್ಜಿ ಹಾಕೋ ಹಾಗಿದೆ. ಮಗಳದ್ದು ನೋಡಿದ್ರೆ ಆಯಮ್ಮ ಪೊಲೀಸರನ್ನ ಕರೀತಾರೆ."

"ನಂದು, ಮೇಡಂ?"

"ನಿಮ್ಮದು ಜನಗಣತಿ."

ಆಮೇಲೆ ಸಮಾಧಾನವಾಗಿ ಹೇಳಿಕೊಟ್ಟರು. ಪೋರ್ಚುಗಲ್‌ನಲ್ಲಿ ನಮ್ಮ ವಯಸ್ಸಿನ ಹೆಂಗಸಿಗೆ 'ಡೋನ' ಸೇರಿಸಿ ಹೆಸರು ಹೇಳಿದರೆ ಮರ್ಯಾದೆಯೂ ಹೌದು, ಆತ್ಮೀಯತೆಯೂ ಹೌದು. ನೀವು ಅನ್ನಲು 'ವೋಸೆ' ಅನ್ನುವುದು ಬ್ರೆಜಿಲ್‌ನಲ್ಲಿ ನಡೆಯುತ್ತದೆ, ಇವರ ಕಿವಿಗೆ ಒರಟು. ನಾವು ತಾವು ಅನ್ನುವ ಕಡೆ 'ಅ ಸೆನ್ಯೋರ' ಅನ್ನಬೇಕು. ಮುಖ ಹೊಗಳಬಾರದು, ಆಕೆ ಮಾಡಿದ ಕೆಲಸ ಹೊಗಳಬಹುದು. ಮನೆಯವರ ವಿಷಯ ಅವರಾಗಿ ಎತ್ತುವ ತನಕ ಬೇಡ. ಒಂದೇ ಪ್ರಶ್ನೆ ಇರಲಿ, ಖುಷಿಯಿಂದ ಉತ್ತರಿಸುವಂಥದ್ದು. ಮುತ್ತು ಈಗಲೇ ಬೇಡ, 'ಉಂ ಅಬ್ರಾಸು' ಸಾಕು, ಒಂದು ಅಪ್ಪುಗೆ.

"ಅಪ್ಪುಗೆನಾ?" ಎಂದರು ಪಕ್ಕದಲ್ಲಿ ಕಿವಿಗೊಟ್ಟಿದ್ದ ಯಜಮಾನರು. "ಗುಲಾಬಿ ಬೇಡ, ಅಪ್ಪುಗೆ ಆಗತ್ತಾ?"

"ಅಲ್ಲಿ ಅದು ನಮಸ್ಕಾರ ಇದ್ದ ಹಾಗೆ ಸಾರ್. ಆದ್ರೆ ನಿಮ್ಮ ಫೋಟೋ ಇಟ್ಟುಕೊಂಡು ಅದನ್ನೂ ಕಳಿಸಬೇಡಿ."

ಶುರು ಹೇಗೆ ಮಾಡಲಿ ಎಂದು ಕೇಳಿದೆ. "ನೀವು ನಿಮ್ಮ ತಾಯಿಗೆ ಹೇಗೆ ಬರೀತಿದ್ರಿ?" ಎಂದರು. ಮದುವೆಯಾದ ಹೊಸದರಲ್ಲಿ ಇನ್‌ಲ್ಯಾಂಡ್ ಪತ್ರದಲ್ಲಿ ಎಲ್ಲರೂ ಬರೆಯುತ್ತಿದ್ದದ್ದೇ: ದೇವರ ದಯೆಯಿಂದ ನಾವೆಲ್ಲ ಕ್ಷೇಮ, ನಿಮ್ಮ ಕ್ಷೇಮಕ್ಕೆ ಬರೆಯಿರಿ. ಟೀಚರಮ್ಮ ಫೋನಿನಲ್ಲೇ ನಕ್ಕರು.

"ಅದನ್ನೇ ಬರೀರಿ. ಅಲ್ಲಿ ಹಳೇ ಕಾಲದ ಕಾಗದ ಶುರುವಾಗ್ತಿದ್ದದ್ದೂ ಹಾಗೇ. 'ಗ್ರಾಸಸ್ ಅ ದೇವುಶ್', ದೇವರ ದಯೆ. ಆಯಮ್ಮನ ಅಜ್ಜಿನೂ ಹಾಗೇ ಬರೆದಿರ್ತಾರೆ."

ಸಂದೇಶ ಹೀಗಾಯಿತು: "ನಮಸ್ಕಾರ, ಡೋನ. ನಾನು ಭಾರತದ ಒಬ್ಬ ಗೃಹಿಣಿ. ದೇವರ ದಯೆಯಿಂದ ಇಲ್ಲಿ ಎಲ್ಲರೂ ಕ್ಷೇಮ, ಅಲ್ಲಿಯೂ ಹಾಗೇ ಇರಲಿ. ತಾವು ತೆಗೆದ ನೂಲಿನ ಚಿತ್ರ ನೋಡಿದೆ, ಅಷ್ಟು ಸಮನಾದ ಎಳೆ ನಮ್ಮ ಅಮ್ಮನ ಕೈಯಲ್ಲಿ ಮಾತ್ರ ನೋಡಿದ್ದೆ. ನಮ್ಮಲ್ಲಿ ಹಣ್ಣಾದ ಹುಳವನ್ನು ಗೂಡು ಕಟ್ಟಲು ಬಿದಿರಿನ ಚಂದ್ರಿಕೆಗೆ ಬಿಡುತ್ತಿದ್ದೆವು. ತಾವು ಯಾವುದಕ್ಕೆ ಬಿಡುತ್ತೀರಿ? ಬಿಡುವಾದಾಗ ಬರೆಯಿರಿ, ಅವಸರವಿಲ್ಲ. ಭಾರತದಿಂದ ಒಂದು ಅಪ್ಪುಗೆ." ಡೋನ ಎಂಬುದರ ಮುಂದೆ ಆಕೆಯ ಹೆಸರು ಸೇರಿಸಿದೆವು. ಅವಸರವಿಲ್ಲ ಅನ್ನುವುದಕ್ಕೆ 'ಸೆಂ ಪ್ರೆಸ' ಎಂದರು ಟೀಚರಮ್ಮ. ಸ್ನೇಹ ಬೇಕು ಅನ್ನಬೇಕು, ಬಾಗಿಲು ಬಡಿಯಬಾರದು, ಅದಕ್ಕೆ ಆ ಎರಡು ಮಾತು.

ಉಳಿದದ್ದು ಫೋಟೋ. ಪೇಟ ಇಳಿಸಿ ನನ್ನದು ಹಾಕಬೇಕು ಎಂದಾಗ ಯಜಮಾನರು ಮುಖ ತಿರುಗಿಸಿದರು. "ಹಾಕ್ಕೊಳ್ಳಿ, ನಾನೇನು, ಯಾರಿಗೂ ಬೇಡವಾದವನು" ಎಂದರು. ಹಿದುಕಿದ ಬೇಳೆ ಸಾರು ಬಡಿಸಿದ ಮೇಲೆ ಕೋಪ ಇಳಿಯಿತು. ಅಂಗಳದಲ್ಲಿ ನಿಲ್ಲಿಸಿ ಫೋಟೋ ತೆಗೆದವರೂ ಅವರೇ. ಮೂಲೆಯಲ್ಲಿ ಅವರ ಹೆಬ್ಬೆರಳು ಬಿದ್ದಿದೆ. ನನ್ನ ಮೊಣಕೈಗೆ ಸರಿಹೋಯಿತು ಅಂದುಕೊಂಡೆ. ಆಂಜನೇಯನಿಗೆ ಒಂದು ವೀಳ್ಯದೆಲೆ ಹಾರ ಹೇಳಿಕೊಂಡು ಸಂದೇಶ ಕಳಿಸಿದೆ.

ಅವಸರವಿಲ್ಲ ಎಂದು ಬರೆದವಳು ನಾನೇ, ಒಗ್ಗರಣೆ ಮಧ್ಯೆ ಫೋನ್ ನೋಡಿ ಸಾಸಿವೆ ಸೀಯಿಸಿದವಳೂ ನಾನೇ.

ದೇವರ ಪಾತ್ರೆಗಳಿಗೆ ಹುಣಸೆಹಣ್ಣು ಹಚ್ಚುತ್ತಿದ್ದಾಗ ಉತ್ತರ ಬಂತು. ಮಗಳು ಓದಿದಳು. ಶುರುವಿನಲ್ಲೇ 'ಕೆರೀದ ಅಮೀಗ', ಪ್ರೀತಿಯ ಗೆಳತಿ. ಅವರು ಹುಳವನ್ನು ಒಣಗಿದ ಪೊದೆಕೊಂಬೆಗಳಿಗೆ ಬಿಡುತ್ತಾರೆ, ಚಿತ್ರವೂ ಇತ್ತು. ಹುಳ ತಿನ್ನುವ ಸದ್ದು ನಿಮಗೂ ಮಳೆಯ ಹಾಗೆ ಕೇಳುತ್ತಿತ್ತೇ ಎಂದು ಕೇಳಿದ್ದರು. ನಾನು ಸೆರಗಿನಲ್ಲಿ ಮುಖ ಒರೆಸಿಕೊಂಡೆ, ಕೈಯಲ್ಲಿ ಹುಳಿ ಇತ್ತು. ಆಮೇಲೆ ಆಯಮ್ಮ ಒಂದೇ ಉಸಿರಿಗೆ ಕೇಳಿದ್ದರು: ಎಷ್ಟು ಮಕ್ಕಳು, ಮದುವೆಯಾಗಿದೆಯಾ, ಯಜಮಾನರಿಗೆ ಏನು ಕೆಲಸ, ಮೂಲೆಯಲ್ಲಿರುವ ಹೆಬ್ಬೆರಳು ಅವರದೇ? ಕೊನೆಗೆ ಸಣ್ಣ ಮುತ್ತುಗಳು, ಅದರ ಕೆಳಗೆ ಒಂದು ಕೆಂಪು ಗುಲಾಬಿ.

ಯಜಮಾನರು ಕನ್ನಡಕ ಏರಿಸಿ ಆ ಗುಲಾಬಿಯನ್ನೇ ನೋಡಿದರು.

"ನಾನು ಕಳಿಸಿದ್ರೆ ಬಾಗಿಲು ಹಾಕ್ತಿದ್ಲು. ಆಯಮ್ಮ ಕಳಿಸಬೋದು."

"ಬಾಗಿಲು ಆಯಮ್ಮಂದು ರೀ," ಎಂದೆ. "ಅವರೇ ತೆಗೀಬೇಕು."

ಹೆಬ್ಬೆರಳಿನ ವಿಷಯಕ್ಕೆ ಏನು ಬರೆಯುತ್ತೀ ಎಂದು ಎರಡು ಸಲ ಕೇಳಿದರು. ಹುಣಸೆಹಣ್ಣು ಒಣಗುತ್ತಿತ್ತು. ದೀಪದ ಕಂಬ ತೊಳೆದಿಟ್ಟು, ನಾಳೆಯ ದೋಸೆಗೆ ಅಕ್ಕಿ ನೆನೆಹಾಕಲು ಎದ್ದೆ.