ಹತ್ತು ಗಂಟೆಯ ಹಸಿರು ಸಾಲುಗಳು

ಆಗಸ್ಟ್ 22, ಶುಕ್ರವಾರ, ಬೆಳಿಗ್ಗೆ 9.50. ಕಾರವಾರದ ನಮ್ಮ ಕಚೇರಿಯಲ್ಲಿ ಪ್ರಾಜೆಕ್ಟ್ ಮ್ಯಾನೇಜರ್ ನನ್ನ ಕುರ್ಚಿಯ ಹಿಂದೆ ಬಂದು ನಿಂತರು. ಬಿರುಗಾಳಿಯ ಎಚ್ಚರಿಕೆಯನ್ನು ಮೀನುಗಾರರ ಫೋನಿಗೆ ಕಳಿಸುವ ಆ್ಯಪ್ ನಮ್ಮದು. ಮ್ಯಾನೇಜರ್ ಕೋಡ್ ಬರೆದವರಲ್ಲ, ದೋಣಿ ಮಾಲೀಕರ ಸಂಘ ನಡೆಸಿದವರು. ಅವರ ತಮ್ಮನ ದೋಣಿ ಹನ್ನೆರಡಕ್ಕೆ ಹೊರಡುವುದಿತ್ತು. ಸಂಜೆ ಗಾಳಿಯ ಮುನ್ಸೂಚನೆ ಇತ್ತು. ಸಿಗ್ನಲ್ ತಪ್ಪಿದ ಫೋನಿಗೆ ಎಚ್ಚರಿಕೆಯನ್ನು ಮತ್ತೆ ಮತ್ತೆ ಕಳಿಸುವ ಹೊಸ ಕೋಡ್ ಬಂದಿದೆ ಎಂಬ ಭರವಸೆಯಲ್ಲಿ ತಮ್ಮನಿದ್ದ.

ನನ್ನ ಪರದೆಯ ಮೇಲಿನ ಸಾಲುಗಳನ್ನು ತೋರಿಸಿ ಮ್ಯಾನೇಜರ್ ನನ್ನನ್ನು ಕೇಳಿದರು: "ಎಲ್ಲಾ ಹಸಿರೇ ಅದೆಯಲ್ಲಾ ತಮಾ. ಹೋಗು ಅಂತ ಹೇಳ್ಲಾ ಅವನಿಗೆ?"

"ತಡೀರಿ ಅಣ್ಣಾ. ಇದು ಇನ್ನೂ 'ಓಪನ್' ಅದೆ. ಅಂದ್ರೆ ಮುಖ್ಯ ಕೋಡಿಗೆ ಸೇರಲಿಲ್ಲ. ಸೇರಿದ ಮೇಲೂ ನಾವು ಬಿಡುಗಡೆ ಮಾಡ್ಬೇಕು."

"ಹಂಗಾರೆ ಈ ಹಸಿರು ಎಂತದು?"

ಬದಲಾವಣೆಯನ್ನು ಮುಖ್ಯ ಕೋಡಿಗೆ ಸೇರಿಸಿ ಎಂಬ ಕೋರಿಕೆಯೇ ಪುಲ್ ರಿಕ್ವೆಸ್ಟ್, ಒಂದೊಂದಕ್ಕೂ ಒಂದು ಸಾಲು ಎಂದೆ. ಸಾಲಿನ ಎರಡು ಗುರುತುಗಳಲ್ಲಿ ಮೊದಲ ಹಸಿರಿಗೆ, ಕಂಪ್ಯೂಟರ್ ತಾನೇ ನಡೆಸಿದ ಪರೀಕ್ಷೆಗಳು ಪಾಸಾದವು ಎಂದಷ್ಟೇ ಅರ್ಥ. ನಾವು ಬರೆಯದ ಪರೀಕ್ಷೆಯನ್ನು ಅದು ನಡೆಸುವುದಿಲ್ಲ. ಎರಡನೆಯದು, ಒಬ್ಬರು ಓದಿ ಒಪ್ಪಿದ್ದಾರೆ ಎಂಬುದಕ್ಕೆ.

ಸಾಲನ್ನು ತೆರೆದು ತೋರಿಸುವಾಗ ನನ್ನ ಬೆರಳು ನಿಂತಿತು. ಒಪ್ಪಿಗೆ ಮಂಗಳವಾರದ್ದು. ಬುಧವಾರ ಅದೇ ಕೋರಿಕೆಗೆ ಇನ್ನೆರಡು ತಿದ್ದುಪಡಿ ಸೇರಿದ್ದವು. ಹೊಸ ತಿದ್ದುಪಡಿ ಬಂದರೆ ಹಳೆಯ ಒಪ್ಪಿಗೆ ತಾನಾಗಿ ರದ್ದಾಗುವ ಸೆಟ್ಟಿಂಗನ್ನು ನಾವು ಹಾಕಿರಲಿಲ್ಲ. ಎರಡನೆಯ ತಿದ್ದುಪಡಿ ಓದಿದೆ. ಮತ್ತೆ ಕಳಿಸುವ ಭಾಗವೇ ಅಳಿಸಿಹೋಗಿತ್ತು. ಅದಕ್ಕೆ ಪರೀಕ್ಷೆ ಇರಲಿಲ್ಲ, ಹಾಗಾಗಿ ಹಸಿರು ಹಸಿರಾಗಿಯೇ ಉಳಿದಿತ್ತು.

ಒಪ್ಪಿಗೆ ಕೊಟ್ಟ ಸಹೋದ್ಯೋಗಿ ಅಂಕೋಲಾದ ಬೊಬ್ರುವಾಡದಿಂದ ಕೆಲಸ ಮಾಡುತ್ತಾಳೆ. ಮ್ಯಾನೇಜರೇ ಫೋನ್ ಮಾಡಿ ಸ್ಪೀಕರ್ ಹಾಕಿದರು.

"ಮಂಗಳವಾರದ್ದನ್ನಾದ್ರೂ ಓದಿದ್ದ್ಯಾ ತಂಗೀ?"

ಆ ಕಡೆ ಅವಳು ಮಿಕ್ಸರ್ ಆಫ್ ಮಾಡಿದಳು.

"ಓದಲಿಲ್ಲ ಅಣ್ಣಾ. ನೀವು ದಿನಾ ಹತ್ತಕ್ಕೆ ಹಸಿರು ಎಣಿಸ್ತ್ರಿ. ಕಮ್ಮಿ ಆದ್ರೆ ಎಲ್ಲರೆದುರಿಗೆ ಕೇಳ್ತ್ರಿ. ಅದಕ್ಕೇ ಹತ್ತಕ್ಕೆ ಮುಂಚೆ ಒಪ್ಪಿಗೆ ಒತ್ತಿಬಿಡ್ತೆ. ನಾನೊಬ್ಳೇ ಅಲ್ಲ."

ಅವರು ನನ್ನ ಕಡೆ ನೋಡಿದರು. ನಾನೂ ಓದದೆ ಒತ್ತಿದ್ದೆ. ಹೇಳಿದೆ.

10.35ಕ್ಕೆ ತಮ್ಮನಿಗೆ ಫೋನ್ ಹೋಯಿತು. "ಇವತ್ತು ಬೇಡ. ಡೀಸೆಲ್ ಹಾಕಿದ್ರೆ ಹಾಕಿದೆ. ಬೇಡ ಅಂದೆ ಅಲ್ಲಾ." ಅವನು ಬೈದ. ಹೊರಡಲಿಲ್ಲ. ಕಿಟಕಿಯಾಚೆ ಸಮುದ್ರ ಅಲೆಯಿಲ್ಲದೆ ಮಲಗಿತ್ತು.

ಆಮೇಲೆ ಮ್ಯಾನೇಜರ್ ಮೆಲ್ಲಗೆ ಕೇಳಿದರು: "ಹಿಂದಿನವು?"

ಬಾಗಿಲು ಹಾಕಿಕೊಂಡು ಏಪ್ರಿಲ್‌ನಿಂದ ಒಂದೊಂದೇ ಸಾಲು ತೆರೆದೆವು. ಮುಖ್ಯ ಕೋಡಿಗೆ ಸೇರಿ ಫೋನುಗಳಿಗೆ ಹೋದವು 61. ಅವುಗಳಲ್ಲಿ ಒಪ್ಪಿಗೆಯ ನಂತರ ತಿದ್ದುಪಡಿ ಕಂಡವು 17. ಆ 17ರಲ್ಲಿ ಐದು, ಎಚ್ಚರಿಕೆ ಕಳಿಸುವ ಭಾಗಕ್ಕೇ ಸೇರಿದವು. ಆ ಐದರಲ್ಲಿ ಮೂರು ನನ್ನ ಒಪ್ಪಿಗೆಯವು. ಅವರು ಪ್ರತಿ ತಾರೀಕನ್ನೂ ಹಾಳೆಯ ಮೇಲೆ ಬರೆದುಕೊಂಡರು. ಆಯಾ ದಿನ ಯಾರ್ಯಾರು ನೀರಿನಲ್ಲಿದ್ದರೆಂದು ಸಂಘದಲ್ಲಿ ಕೇಳಬೇಕು ಎಂದರು. ಕೇಳಲು ಎದ್ದವರು, ಯಾಕೆಂದು ಸಂಘದವರು ಕೇಳಿದರೆ ಏನು ಹೇಳುವುದೆಂದು ಮತ್ತೆ ಕುಳಿತರು. ಅದಕ್ಕೇ ನಾನು ಇದನ್ನು ಬರೆಯುತ್ತಿದ್ದೇನೆ.

ಏಪ್ರಿಲ್‌ನಿಂದೀಚೆಗೆ ಗಾಳಿ ಎದ್ದರೂ ನಮ್ಮ ಆ್ಯಪ್ಪಿನ ಎಚ್ಚರಿಕೆ ಬಾರದೆ ಹೋದ ದಿನ ನಿಮ್ಮಲ್ಲಿ ಯಾರಿಗಾದರೂ ನೆನಪಿದ್ದರೆ, ತಾರೀಕು ಮತ್ತು ಗಂಟೆ ಸಮೇತ ನನಗೆ ಬರೆದು ತಿಳಿಸಿ.