ಬಳಪದ ಬಯಕೆ

ಪುಸ್ತಕದಲ್ಲಿದ್ದ ಕೊರತೆಯ ಕಾಯಿಲೆಗಳಲ್ಲಿ ಆ ಚಳಿಗಾಲ ನನಗೆ ಬಾರದೇ ಉಳಿದದ್ದು ಮೂಳೆ ಮೆತ್ತಗಾಗಿ ಬಾಗುವ ರಿಕೆಟ್ಸ್ ಒಂದೇ. ಅದು ಎಳೆಯ ಮಕ್ಕಳಿಗೆ ಬರುವುದು, ನನಗೆ ಆ ವಯಸ್ಸು ದಾಟಿತ್ತು.

ಅರವತ್ತರ ದಶಕದ ಮೊದಲ ವರ್ಷಗಳವು. ಶಿರಸಿಯಲ್ಲಿ ನರ್ಸ್ ತರಬೇತಿಗೆ ಸೇರಿದ್ದೆ. ಬನವಾಸಿ ಕಡೆಯಿಂದ ಬಂದ ಕಾಳಿನ ವ್ಯಾಪಾರಿಯೊಬ್ಬರ ಮನೆಯ ಹಿಂದಿನ ಕೋಣೆಯಲ್ಲಿ ಬಾಡಿಗೆಗಿದ್ದೆ. ಪೌಷ್ಟಿಕ ಆಹಾರದ ಪರೀಕ್ಷೆ ಹತ್ತಿರ ಬಂದಿತ್ತು. ಗಟ್ಟಿಯಾಗಿ ಓದಿದರೆ ಮಾತ್ರ ತಲೆಗೆ ಹತ್ತುವ ಜಾತಿ ನನ್ನದು. ಹಾಗಾಗಿ ವಿಟಮಿನ್ ‘ಎ’ ಕಡಿಮೆಯಾದರೆ ಇರುಳುಗಣ್ಣು, ‘ಸಿ’ ಕಡಿಮೆಯಾದರೆ ವಸಡಿನಲ್ಲಿ ರಕ್ತ ಎಂಬುದು ಇಡೀ ಮನೆಗೆ ಬಾಯಿಪಾಠವಾಗಿತ್ತು.

ಒಂದು ಸಂಜೆ ಮಬ್ಬಿನಲ್ಲಿ ಮಣೆ ಎಡವಿದೆ. ಇರುಳುಗಣ್ಣು ಎಂದು ವಾರವಿಡೀ ಹರಿವೆ ಸೊಪ್ಪು ತಿಂದೆ. ದೀಪ ಹಚ್ಚಿರಲಿಲ್ಲ ಎಂಬುದು ಆಮೇಲೆ ಹೊಳೆಯಿತು. ಚಕ್ಕಳಮಕ್ಕಳ ಕೂತು ಓದಿ ಕಾಲು ಜುಮ್ಮೆಂದದ್ದಕ್ಕೆ ‘ಬಿ’ ಕೊರತೆಯ ಬೆರಿಬೆರಿ ಎಂದು ಹೆದರಿ, ಪಾಲಿಶ್ ಅಕ್ಕಿ ಬಿಟ್ಟು ಕುಚ್ಚಲಕ್ಕಿ ತಂದೆ. ಮನೆ ಯಜಮಾನರ ಕುತ್ತಿಗೆ ದಪ್ಪವಿದೆ, ಅಯೋಡಿನ್ ಸಾಲದೇನೋ ಎಂದೂ ಒಮ್ಮೆ ಅಂದುಬಿಟ್ಟೆ.

“ಬಾಯಾರ, ಅದು ತುಪ್ಪದ ಕುತ್ತಿಗಿರಿ. ನಮ್ಮ ಮಾವನೋರದೂ ಹಂಗs ಇತ್ತು,” ಎಂದರು ಮನೆಯೊಡತಿ.

ಅಂದಿನಿಂದ ನಾನು ಯಾರನ್ನಾದರೂ ದಿಟ್ಟಿಸಿದರೆ ಸಾಕು, ಅವರು ಬಾಯಿ ತೆರೆದು ನಾಲಿಗೆ ತೋರಿಸುತ್ತಿದ್ದರು.

ಆ ಮನೆಯ ಸೊಸೆ ಆಗ ಆರು ತಿಂಗಳ ಬಸುರಿ. ಅವಳ ಮಡಿಲಲ್ಲಿ ಯಾವಾಗಲೂ ಬಳಪ. ಕಲ್ಲುಸಕ್ಕರೆಯಂತೆ ಕಟಕಟ ಕಡಿಯುವಳು. ಬಸುರಿಯ ಬಯಕೆ ಇಲ್ಲವೆನ್ನಬಾರದು ಎಂದು ಅತ್ತೆಯೇ ಅಂಗಡಿಯಿಂದ ಪೊಟ್ಟಣ ತರಿಸಿಕೊಡುತ್ತಿದ್ದರು.

ಒಂದು ಬೆಳಿಗ್ಗೆ ಬಾವಿಯಿಂದ ಕೊಡ ಹೊತ್ತು ಬಂದವಳು ಮೆಟ್ಟಿಲ ಮೇಲೆ ಕೂತುಬಿಟ್ಟಳು. ಏದುಸಿರು. ಕಣ್ಣಿನ ಕೆಳರೆಪ್ಪೆ ಬಿಡಿಸಿ ನೋಡಿದೆ. ಕೆಂಪಿರಬೇಕಾದಲ್ಲಿ ಹೆಚ್ಚುಕಡಿಮೆ ಬಿಳಿ. ಬಳಪ, ಮಣ್ಣು ತಿನ್ನುವ ಆಸೆ ಕಬ್ಬಿಣದ ಕೊರತೆಯ ಗುರುತಿರಬಹುದು ಎಂದು ಓದಿದ್ದು ನೆನಪಾಯಿತು. ರಕ್ತ ಇಷ್ಟು ಕಡಿಮೆಯಿದ್ದರೆ ಹೆರಿಗೆಯಲ್ಲಿ ತುಸುವೇ ರಕ್ತ ಹೋದರೂ ಜೀವಕ್ಕೆ ಅಪಾಯ.

“ಅವ್ವಾರೇ, ಇವಳಿಗೆ ರಕ್ತ ಕಮ್ಮಿ ಇದ್ದು. ಇವತ್ತೇ ಆಸ್ಪತ್ರೆಗೆ ಕರಕೊಂಡು ಹೋಪನ,” ಎಂದೆ. ಗಾಬರಿಯಾದರೆ ನನ್ನ ಬಾಯಲ್ಲಿ ಮನೆಮಾತು ಬಂದುಬಿಡುತ್ತದೆ.

“ಹೋದ ವಾರ ನಿಮಗs ಬೆರಿಬೆರಿ ಆಗಿತ್ತಲ್ಲ, ಆರಾಮಾತೇನ್ರಿ?”

“ಇದು ಹಾಂಗಲ್ಲ, ಖರೇ!”

“ಅದೂ ಖರೇನs ಅಂದಿದ್ರಿ. ಆಸ್ಪತ್ರಿಗೆ ಜಡ್ಡಿನವರು ಹೋಗ್ತಾರ. ಇಕಿ ಬಸರಿ.”

ಎಲ್ಲರಿಗೂ ಎಲ್ಲ ಕಾಯಿಲೆ ಹಂಚಿ ಮುಗಿಸಿದ್ದೆ. ನಿಜವಾದದ್ದು ಎದುರು ಬಂದಾಗ ನನ್ನ ಮಾತಿಗೆ ಬೆಲೆ ಉಳಿದಿರಲಿಲ್ಲ. ಸೊಸೆ ಮಾತ್ರ ನನ್ನ ಮುಖವನ್ನೇ ನೋಡುತ್ತಿದ್ದಳು. ಕೈಲಿದ್ದ ಬಳಪವನ್ನು ಕೆಳಗಿಟ್ಟು, ಉಸಿರು ಸುಧಾರಿಸಿಕೊಂಡು ಹೇಳಿದಳು:

“ಅತ್ತೀ, ನನಗ ಆಸ್ಪತ್ರಿ ನೋಡಬೇಕಂತ ಬಯಕಿ ಆಗೇದ.”

ಬಯಕೆಯೆಂದು ಬಳಪ ಕೊಡಿಸಿದ ಅತ್ತೆ ಆಸ್ಪತ್ರೆ ಹೇಗೆ ಬೇಡವೆನ್ನುವುದು?

“ನಮ್ಮ ವಂಶದಾಗ ಹಿಂತಾ ಬಯಕಿ ಯಾರಿಗೂ ಬಂದಿದ್ದಿಲ್ಲ,” ಎನ್ನುತ್ತಲೇ ಒಳ್ಳೆಯ ಸೀರೆ ಉಡಲು ಎದ್ದರು.

ಲೇಡಿ ಡಾಕ್ಟರು ಬೆರಳು ಚುಚ್ಚಿ, ರಕ್ತದ ಹನಿಯನ್ನು ಕಾಗದಕ್ಕೆ ಹೀರಿಸಿ, ಬಣ್ಣದ ಪಟ್ಟಿಯ ಪಕ್ಕ ಹಿಡಿದರು. ಪಟ್ಟಿಯ ಪೇಲವ ತುದಿಗೇ ಅದು ಹೊಂದಿತು. “ಇಷ್ಟು ದಿನ ಯಾಕೆ ಬರಲಿಲ್ಲ? ಯಾರೂ ಹೇಳಲಿಲ್ಲವೇ?”

“ಈ ಬಾಯಾರು ಹೇಳಿದ್ರರಿ,” ಎಂದರು ಅತ್ತೆ, “ಆದ್ರ ಇವರು ಎಲ್ಲಾರಿಗೂ ಹೇಳ್ತಾರ್ರಿ.”

ಡಾಕ್ಟರು ನನ್ನತ್ತ ನೋಡಿದರು. ನಾನು ಗೋಡೆಯತ್ತ ನೋಡಿದೆ.

ಕಬ್ಬಿಣದ ಮಾತ್ರೆ ಕೊಟ್ಟರು. ಮಲ ಕಪ್ಪಾದರೆ ಹೆದರಬೇಡಿ, ಅದು ಮಾತ್ರೆಯದೇ ಬಣ್ಣ ಎಂದೂ ಹೇಳಿದರು. ಮನೆಗೆ ಬಂದು ನಾನು ಹುರುಳಿ, ನುಗ್ಗೆಸೊಪ್ಪು, ರಾಗಿ ಎಂದು ಶುರುಮಾಡಿದೆ. ಜೊತೆಗೆ ಹಸಿ ನೆಲ್ಲಿಕಾಯಿಯೋ ನಿಂಬೆರಸವೋ ಇದ್ದರೆ ಊಟದ ಕಬ್ಬಿಣ ಮೈಗೆ ಚೆನ್ನಾಗಿ ಹತ್ತುತ್ತದೆ, ನಿಂಬೆಯನ್ನು ಕುದಿಸಬಾರದು, ಇಳಿಸಿದ ಮೇಲೆ ಹಿಂಡಬೇಕು ಎಂದೆ. ಅತ್ತೆ ತಲೆಯಾಡಿಸಿದರು. ಈ ಬಾರಿ ನಾಲಿಗೆ ತೋರಿಸಲಿಲ್ಲ.

ರಕ್ತ ಏರಲು ತಿಂಗಳುಗಳೇ ಹಿಡಿದವು. ಬಳಪದ ಆಸೆ ಮಾತ್ರ ಕೆಲವೇ ದಿನಗಳಲ್ಲಿ ಹೋಯಿತು. ಒಡೆಯದ ಪೊಟ್ಟಣವೊಂದನ್ನು ಅತ್ತೆ ತಂದು ನನ್ನ ಪುಸ್ತಕದ ಮೇಲಿಟ್ಟರು. “ಪರೀಕ್ಷಾದಾಗ ಬರೀರಿ. ತಿನಬ್ಯಾಡ್ರಿ ಮತ್ತ!”

ಪಾಸಾದೆ. ಹೆರಿಗೆ ಆಸ್ಪತ್ರೆಯಲ್ಲೇ ಆಯಿತು, ತಾಯಿ ಮಗು ಸುಖವಾಗಿದ್ದರು. ಬಾಣಂತಿಯ ಕೋಣೆಗೆ ಕಿಟಕಿ ಮುಚ್ಚಿ ಹೊಗೆ ಹಾಕಿದ್ದರು. ನಾನು ಮಗುವಿನ ನೆತ್ತಿ ಮುಟ್ಟಿ, ಮಣಿಕಟ್ಟು ಮುಟ್ಟಿ, “ಎಳೆಬಿಸಿಲು ತಾಗಿಸಿ ಅವ್ವಾರೇ, ‘ಡಿ’ ಸಾಲದಿದ್ದರೆ ರಿಕೆಟ್ಸ್…” ಎಂದೆ.

ಅಜ್ಜಿಯಾದವರು ಸೊಸೆಯತ್ತ ತಿರುಗಿದರು. “ಕೇಳಿದೇನ? ಈಗ ನಿನ್ನ ಕೂಸಿಗೆ ಬಿಸಲಿನ ಬಯಕಿ ಆಗೇದಂತ.”

ಹಾಗೆಂದವರೇ ಎದ್ದು ಕಿಟಕಿ ತೆರೆದರು.