ಒಂದೇ ಫೋನ್ ನಂಬರಿನ ಮನೆಗಳು

ನಮ್ಮ ಮೆನೇಜರ್ ಧಣಿಗಳ ಎದುರು ಕೈಕಟ್ಟಿ ನಿಂತು "ತಪ್ಪು ನನ್ನದೇ" ಎಂದು ಹೇಳಿದ್ದನ್ನು ನಾನು ಇವತ್ತಿಗೂ ಕ್ಷಮಿಸಿಲ್ಲ. ತಪ್ಪು ಒಪ್ಪಿಕೊಂಡವರ ಮೇಲೆ ಇಷ್ಟು ವರ್ಷ ಸಿಟ್ಟು ಇಟ್ಟುಕೊಳ್ಳುವುದು ಎಂಥ ಗುಣ ಎಂದು ಕೇಳಿದವರಿದ್ದಾರೆ. ನಡೆದದ್ದು ಹೀಗೆ.

ನಾನು ಬಿ.ಕಾಂ. ಮುಗಿಸಿದಾಗ ನಮ್ಮ ಮನೆಯಲ್ಲಿ ಡಿಗ್ರಿ ಸರ್ಟಿಫಿಕೇಟನ್ನು ಎಲ್ಲಿ ಇಡಬೇಕು ಎಂದೇ ಯಾರಿಗೂ ಗೊತ್ತಿರಲಿಲ್ಲ. ಕೊನೆಗೆ ರೇಷನ್ ಕಾರ್ಡಿನ ಜೊತೆ ಟ್ರಂಕಿನಲ್ಲಿಟ್ಟೆವು. ಅಮ್ಮ ಬೀಡಿ ಕಟ್ಟಿ ನನ್ನನ್ನು ಓದಿಸಿದ್ದು. ಕಾಲೇಜಿನ ಕೊನೆಯ ವರ್ಷ ನಾನೂ ಸಂಜೆ ಬೀಡಿ ಕಟ್ಟಿ ಕಂಪ್ಯೂಟರ್ ಕ್ಲಾಸಿನ ಫೀಸು ತುಂಬಿದೆ. ಇದನ್ನು ಹೇಳಲು ನನಗೆ ನಾಚಿಕೆ ಇಲ್ಲ, ಸ್ವಲ್ಪ ಜಂಬವೇ ಉಂಟು.

ಬಿ.ಸಿ.ರೋಡಿನಲ್ಲಿ ಟಿ.ವಿ., ಫ್ರಿಜ್, ಮಿಕ್ಸಿ ಮಾರುವ ಒಂದು ದೊಡ್ಡ ಅಂಗಡಿಯಿತ್ತು. ಬೆಳ್ತಂಗಡಿಯಲ್ಲಿ ಒಂದು ಶಾಖೆ, ಮೂಡಬಿದ್ರೆಯಲ್ಲಿ ಇನ್ನೊಂದು. ಅಲ್ಲಿನ ಮೆನೇಜರ್ ನಮ್ಮ ಬಸ್ಸಿನಲ್ಲೇ ಹೋಗಿ ಬರುತ್ತಿದ್ದವರು. ನನ್ನ ರಿಸಲ್ಟ್ ಬಂದ ವಾರವೇ ಧಣಿಗಳ ಹತ್ತಿರ ಕರೆದುಕೊಂಡು ಹೋಗಿ, "ಹುಡುಗಿ ಓದಿದ್ದಾಳೆ, ಕಂಪ್ಯೂಟರ್ ಗೊತ್ತುಂಟು, ಕೂತ್ಕೊಳ್ಳಲಿ" ಎಂದವರು ಅವರೇ. ನಾನು ಅವರನ್ನು ಅಣ್ಣ ಎಂದೇ ಕರೆಯುತ್ತಿದ್ದೆ. ಬಾಯಿಮಾತಿಗೆ ಕರೆದದ್ದಲ್ಲ.

ಎರಡು ಸಾವಿರದ ದಶಕ ಮುಗಿಯುತ್ತಾ ಬಂದಾಗ ಧಣಿಗಳು ಮೂಡಬಿದ್ರೆಯ ಶಾಖೆಯನ್ನು ದೊಡ್ಡ ಶೋರೂಮ್ ಮಾಡಲು ಹೊರಟರು. ಹಳೆಯ ಗಿರಾಕಿಗಳಿಗೆಲ್ಲ ಅಂಚೆಯಲ್ಲಿ ಆಮಂತ್ರಣ ಹೋಗಬೇಕು, ಕಾರ್ಡು ತಂದವರಿಗೆ ಒಂದು ಸ್ಟೀಲಿನ ಪಾತ್ರೆ ಉಚಿತ. ಹಿಂದೊಮ್ಮೆ ಹೀಗೆ ಮಾಡಿದಾಗ ಕೆಲವು ಮನೆಗಳಿಗೆ ಮೂರು ಮೂರು ಕಾರ್ಡು ಹೋಗಿ, ಅವರು ಮೂರೂ ಪಾತ್ರೆ ಹೊತ್ತುಕೊಂಡು ಹೋಗಿದ್ದರು. ಧಣಿಗಳಿಗೆ ಅದು ನೆನಪಿತ್ತು.

"ಮೂರು ಅಂಗಡಿಯ ಪಟ್ಟಿಯೂ ಸೇರಿಸಿ ಒಂದು ಮಾಡು. ಒಂದು ಮನೆಗೆ ಒಂದೇ ಕಾರ್ಡು," ಎಂದರು ನನಗೆ. ಆಮೇಲೆ ಮೆನೇಜರರ ಕಡೆ ನೋಡಿ, "ಇದನ್ನು ಸರಿ ಮಾಡಿ ಕೊಟ್ಟರೆ ಮೂಡಬಿದ್ರೆಯ ಆಫೀಸು ಇವಳೇ ನೋಡಿಕೊಳ್ಳಲಿ. ಎಂತ ಹೇಳ್ತೀರಿ?" ಎಂದು ಕೇಳಿದರು.

"ಅದಕ್ಕೆಂತ, ಒಳ್ಳೆಯದೇ," ಎಂದರು ಮೆನೇಜರ್.

ಮೂಡಬಿದ್ರೆಯ ಆಫೀಸು ಎಂದರೆ ನನ್ನದೇ ಮೇಜು, ನನ್ನ ಸಹಿಗೆ ಬೆಲೆ. ಆ ದಿನ ಬಸ್ಸಿನಲ್ಲಿ ಕೂತವಳಿಗೆ ನಮ್ಮ ಸ್ಟಾಪು ದಾಟಿದ್ದೇ ತಿಳಿಯಲಿಲ್ಲ.

ಮರುದಿನ ಮೂರು ಪಟ್ಟಿಯನ್ನೂ ಒಂದೇ ಶೀಟಿಗೆ ಹಾಕಿದೆ. ಹಳೆಯ ಬಿಲ್ಲುಗಳನ್ನು ನೋಡಿ ಯಾರ್ಯಾರೋ ಟೈಪು ಮಾಡಿದ ಇಂಗ್ಲಿಷ್ ವಿಳಾಸಗಳು. ಮೂಡಬಿದ್ರೆ ಎಂಬ ಒಂದು ಊರಿಗೇ ನಾಲ್ಕೈದು ಬಗೆಯ ಸ್ಪೆಲ್ಲಿಂಗು. ಕೆಲವರದ್ದು ಹೆಸರಿನ ಕಾಲಮಿನಲ್ಲೇ ಮನೆ, ಪೋಸ್ಟು, ತಾಲೂಕು ಎಲ್ಲ ತುರುಕಿದ್ದರು. ಕಣ್ಣಿಗೆ ಕಾಣದ ಖಾಲಿ ಜಾಗ ಶಬ್ದದ ಹಿಂದೆ ಇದ್ದರೆ ಎಕ್ಸೆಲಿಗೆ ಅದು ಬೇರೆಯೇ ಶಬ್ದ. ಮೊದಲು ಟ್ರಿಮ್ ಹಾಕಿ ಆ ಹೆಚ್ಚಿನ ಜಾಗಗಳನ್ನು ತೆಗೆದೆ. ರಿಪ್ಲೇಸಿನಲ್ಲಿ ಊರುಗಳ ಸ್ಪೆಲ್ಲಿಂಗು ಒಂದೊಂದಾಗಿ ಸರಿ ಮಾಡಿದೆ. ಹೆಸರು, ಮನೆಯ ಹೆಸರು, ಪೋಸ್ಟು, ಪಿನ್‌ಕೋಡು ಬೇರೆ ಬೇರೆ ಕಾಲಮಿಗೆ ಬಂದವು.

ಆದರೆ ಎರಡು ಸಾಲು ಒಂದೇ ಮನೆಯದ್ದು ಹೌದೋ ಅಲ್ಲವೋ ಎಂದು ಹೇಗೆ ಹೇಳುವುದು? ನಮ್ಮ ಕಡೆ ಬಿಲ್ಲು ಒಬ್ಬರ ಹೆಸರಿನಲ್ಲಿ ಇರುವುದಿಲ್ಲ. ಗಂಡ ದುಬೈಯಲ್ಲಿದ್ದರೂ ಫ್ರಿಜ್ಜಿನ ಬಿಲ್ಲು ಅವನ ಹೆಸರಿಗೆ, ಮಿಕ್ಸಿಯದ್ದು ಹೆಂಡತಿಯ ಹೆಸರಿಗೆ, ಟಿ.ವಿ.ಯದ್ದು ಮಾವನ ಹೆಸರಿಗೆ. ಹಾಗಾಗಿ ಮನೆಯ ಹೆಸರು ಮತ್ತು ಪೋಸ್ಟನ್ನು ಜೋಡಿಸಿ ಹೊಸ ಕಾಲಮು ಮಾಡಿ, ಎಷ್ಟು ಸಲ ಬಂದಿದೆ ಎಂದು ಎಣಿಸುವ ಕೌಂಟ್‌ಇಫ್ ಹಾಕಿ, ಒಂದಕ್ಕಿಂತ ಹೆಚ್ಚು ಸಲ ಬಂದದ್ದಕ್ಕೆ ಬಣ್ಣ ಕೊಟ್ಟೆ. ಯಾವ ಸಾಲನ್ನೂ ಅಳಿಸಲಿಲ್ಲ. ಕೊನೆಯ ಕಾಲಮಿನಲ್ಲಿ 'ಒಂದೇ', 'ಬೇರೆ', 'ಕೇಳಬೇಕು' ಎಂದು ಬರೆಯುತ್ತಾ ಹೋದೆ. ಅಳಿಸಿದ್ದು ಮತ್ತೆ ಬರುವುದಿಲ್ಲ, ಗುರುತು ಹಾಕಿದ್ದನ್ನು ತಿದ್ದಬಹುದು.

ಮೆನೇಜರ್ ಹಿಂದೆ ಬಂದು ನಿಂತು ನೋಡುತ್ತಿದ್ದರು.

"ಎಂತ ಮಾರಾಯ್ತಿ, ಬೀಡಿ ಸುರುಟಿದ ಹಾಗೆ ಒಂದೊಂದೇ ಮಾಡ್ತಿದ್ದಿ. ಫೋನ್ ನಂಬರ್ ಉಂಟಲ್ಲ, ಒಂದೇ ನಂಬರ್ ಇದ್ದದ್ದನ್ನು ತೆಗೆದರಾಯ್ತು."

"ಹಾಗೆ ತೆಗೆಯುವ ಹಾಗಿಲ್ಲ ಅಣ್ಣ. ಇದೆಲ್ಲ ಪಿ.ಪಿ. ನಂಬರ್."

ಪಿ.ಪಿ. ಎಂದರೆ ಪಕ್ಕದ ಮನೆಯ ಫೋನು. ಆ ಬಿಲ್ಲುಗಳ ಕಾಲದಲ್ಲಿ ಬೈಲಿಗೊಂದು, ಅಂದರೆ ಗದ್ದೆಯ ಸುತ್ತಲಿನ ಏಳೆಂಟು ಮನೆಗೊಂದು ಫೋನಿರುತ್ತಿತ್ತು. ಆಚೀಚೆಯವರೆಲ್ಲ ಆ ನಂಬರನ್ನೇ ಕೊಡುವುದು, ಸೌದಿಯಿಂದ ಕಾಲ್ ಬಂದರೆ ಆ ಮನೆಯವರು ಅಂಗಳದಲ್ಲಿ ನಿಂತು ಕೂಗುವುದು. ಬಿಲ್ಲಿನಲ್ಲಿ ನಂಬರಿನ ಮುಂದೆ ಪಿ.ಪಿ. ಎಂದು ಬರೆದಿರುತ್ತಿದ್ದರು. ಟೈಪು ಮಾಡಿದವರು ಅಂಕಿ ಮಾತ್ರ ಸಾಕೆಂದು ಅದನ್ನು ಬಿಟ್ಟಿದ್ದರು. ಹಾಗಾಗಿ ಶೀಟಿನಲ್ಲಿ ನೋಡಿದರೆ ಒಂದೇ ನಂಬರಿಗೆ ಏಳೆಂಟು ಮನೆ.

"ಗೊತ್ತುಂಟು, ಗೊತ್ತುಂಟು," ಎಂದು ನಕ್ಕರು ಮೆನೇಜರ್. "ನನಗೆ ಹೇಳಿಕೊಡ್ತೀಯಾ? ನಮ್ಮ ಮನೆಗೆ ಹೆಣ್ಣು ನೋಡಲು ಬರ್ತೇವೆ ಎಂಬ ಸುದ್ದಿ ಬಂದದ್ದೂ ಆಚೆ ಮನೆಯ ಫೋನಿಗೇ. ಅವರು ಮೊದಲು ಊರಿಗೆಲ್ಲ ಹೇಳಿ ಆಮೇಲೆ ನಮಗೆ ಹೇಳಿದ್ದು."

ಇಬ್ಬರೂ ನಕ್ಕೆವು. ಅವರಿಗೆ ಗೊತ್ತಿತ್ತು ಎಂಬುದಕ್ಕೆ ಇಷ್ಟು ಬರೆದೆ.

'ಕೇಳಬೇಕು' ಎಂದು ಗುರುತು ಹಾಕಿದವುಗಳಲ್ಲಿ ಹೆಚ್ಚಿನವು ಬೆಳ್ತಂಗಡಿಯವು. ಹಳೆಯ ಬಿಲ್ ಪುಸ್ತಕ ಅಲ್ಲಿಯ ಅಟ್ಟದಲ್ಲಿತ್ತು. ನಾನು ಕೆಲವು ದಿನ ಅಲ್ಲಿಗೇ ಹೋಗಿ ಧೂಳು ಕೊಡವಿ ಬಿಲ್ಲು ನೋಡಿದೆ. ಅದೇ ಹೊತ್ತಿಗೆ ಪ್ರೆಸ್ಸಿನವರು ವಿಳಾಸದ ಪಟ್ಟಿಗೆ ಅವಸರ ಮಾಡಿದರಂತೆ. ಧಣಿಗಳು ಮೆನೇಜರರನ್ನು ಕೇಳಿದರಂತೆ. ಹೊಸ ಎಕ್ಸೆಲಿನಲ್ಲಿ 'ರಿಮೂವ್ ಡುಪ್ಲಿಕೇಟ್ಸ್' ಎಂಬ ಗುಂಡಿ ಬಂದಿತ್ತು. ಅದನ್ನು ಒತ್ತಿದರೆ ಯಾವ ಯಾವ ಕಾಲಮು ನೋಡಬೇಕೆಂದು ಕೇಳುತ್ತದೆ. ಮೆನೇಜರ್ ನನ್ನ ಶೀಟಿನ ಒಂದು ಕಾಪಿ ಮಾಡಿಕೊಂಡು, ಎಲ್ಲ ಟಿಕ್ಕು ತೆಗೆದು ಫೋನಿನ ಕಾಲಮಿಗೆ ಮಾತ್ರ ಟಿಕ್ಕು ಇಟ್ಟು ಒತ್ತಿದರು. ಪಟ್ಟಿ ಸರ್ರನೆ ಇಳಿಯಿತು. ನಾನೇ ಮಾಡಿದ್ದೆಂದುಕೊಂಡ ಧಣಿಗಳಿಗೆ ಖುಷಿ. ಅಂಚೆಯ ಖರ್ಚು ಉಳಿಯಿತಲ್ಲ.

ನನಗೆ ಇದು ಗೊತ್ತಾದದ್ದು ಮನೆಯಲ್ಲಿ. ಒಂದು ಸಂಜೆ ಅಮ್ಮ, "ಫೋನಿನ ಮನೆಯವರಿಗೆ ನಿಮ್ಮ ಅಂಗಡಿಯ ಕಾರ್ಡು ಬಂದಿದೆ. ನಮಗೆ ಇಲ್ಲ. ಆಚೆ ಮನೆಯವರಿಗೂ ಇಲ್ಲ. ಓದಿ ದೊಡ್ಡವಳಾದ ಮೇಲೆ ನಿನ್ನ ಮಗಳಿಗೆ ನಮ್ಮ ನೆನಪಿಲ್ಲ ಅಂತ ಹೇಳ್ತಿದ್ದಾರೆ," ಎಂದಳು. ನನ್ನ ಮೊದಲ ಸಂಬಳದಲ್ಲಿ ಅಮ್ಮನ ಹೆಸರಿಗೇ ಬಿಲ್ಲು ಮಾಡಿಸಿ ಮಿಕ್ಸಿ ತಂದಿದ್ದೆ. ಅವಳ ಸಾಲು ಪಟ್ಟಿಯಲ್ಲಿ ಇದ್ದೇ ಇತ್ತು, ನಂಬರು ಮಾತ್ರ ಫೋನಿನ ಮನೆಯದ್ದು.

ಮರುದಿನ ಪ್ರೆಸ್ಸಿಗೆ ಹೋದ ಫೈಲು ತೆರೆದೆ. ಆ ಗುಂಡಿ ಒಂದೇ ನಂಬರಿನ ಸಾಲುಗಳಲ್ಲಿ ಮೇಲಿನದ್ದನ್ನು ಉಳಿಸಿ ಕೆಳಗಿನದ್ದನ್ನೆಲ್ಲ ತೆಗೆಯುತ್ತದೆ. ಪಟ್ಟಿ ಇದ್ದದ್ದು ಹಳೆಯ ಗಿರಾಕಿ ಮೇಲೆ, ಹೊಸಬರು ಕೆಳಗೆ ಎಂಬ ಕ್ರಮದಲ್ಲಿ. ಬೈಲಿನಲ್ಲಿ ಮೊದಲು ಫೋನು ಹಾಕಿಸಿದ ಮನೆಯವರೇ ಮೊದಲು ಟಿ.ವಿ. ತೆಗೆದುಕೊಂಡವರು. ಅವರು ಉಳಿದರು. ಅವರ ಜಗಲಿಯಲ್ಲಿ ಕಾಲ್‌ಗಾಗಿ ಕಾದು ಕೂರುತ್ತಿದ್ದವರೆಲ್ಲ ಹೋದರು. ಇನ್ನೊಂದು ಉಂಟು. ಖಾಲಿ ಜಾಗವೂ ಆ ಗುಂಡಿಗೆ ಒಂದು ನಂಬರೇ. ಫೋನೇ ಕೊಡದಿದ್ದವರು ಮೂರು ತಾಲೂಕಿನಲ್ಲಿ ಎಷ್ಟೋ ಜನ. ಎಲ್ಲರೂ ಸೇರಿ ಒಬ್ಬರಾಗಿದ್ದರು. ಕನ್ಯಾನದ ಕಡೆಯ ಒಂದು ವಿಳಾಸ ಮಾತ್ರ ಅಲ್ಲಿ ಒಂಟಿಯಾಗಿ ಕೂತಿತ್ತು. ಉದ್ಘಾಟನೆ ಹತ್ತಿರ ಬಂದಿತ್ತು, ಹೊಸ ಕಾರ್ಡು ಅಚ್ಚು ಹಾಕಿ ಅಂಚೆಗೆ ಹಾಕಲು ಹೊತ್ತಿರಲಿಲ್ಲ.

ಉದ್ಘಾಟನೆಯ ದಿನವೇ ದೂರು ಸುರುವಾಯಿತು. ಶುಕ್ರವಾರ ನಮಾಜು ಮುಗಿಸಿ ಬಂದ ಧಣಿಗಳು ನಮ್ಮಿಬ್ಬರನ್ನೂ ಒಳಗೆ ಕರೆದರು. ಮಸೀದಿಯಲ್ಲೇ ಯಾರೋ ಕೇಳಿದ್ದರಂತೆ, ನಾವು ನಿಮ್ಮ ಗಿರಾಕಿಗಳಲ್ಲವಾ ಎಂದು.

"ಎಂತ ಆದದ್ದು?"

ನಾನು ಬಾಯಿ ತೆರೆಯುವ ಮೊದಲೇ ಮೆನೇಜರ್ ಮೆತ್ತಗೆ ಹೇಳಿದರು. "ತಪ್ಪು ನನ್ನದೇ. ಪಾಪ, ಸಣ್ಣ ಹುಡುಗಿ, ಅನುಭವ ಕಮ್ಮಿ. ಫೋನ್ ನಂಬರ್ ನೋಡಿ ತೆಗೆದುಬಿಟ್ಟಿದ್ದಾಳೆ. ನಾನು ಒಮ್ಮೆ ನೋಡಬೇಕಿತ್ತು. ಅವಳಿಗೆ ಬೈಬೇಡಿ."

ಅವರು ನನ್ನನ್ನು ಕಾಪಾಡುವ ಹಾಗೆ ನಿಂತಿದ್ದರು. ಬೈದಿದ್ದರೆ ಎದುರು ಮಾತಾಡುತ್ತಿದ್ದೆ. ಅವರ ಮುಖ ನೋಡಿದೆ. ಅವರು ನನ್ನ ಮುಖ ನೋಡಲಿಲ್ಲ.

ಧಣಿಗಳು ಒಬ್ಬರೇ ಇದ್ದಾಗ ಮತ್ತೆ ಹೋದೆ. ಅವರನ್ನು ಕಂಪ್ಯೂಟರಿನ ಎದುರು ಕೂರಿಸಿ ನನ್ನ ಶೀಟು ತೋರಿಸಿದೆ. ಒಂದು ಸಾಲೂ ಅಳಿಸಿರಲಿಲ್ಲ. ಒಂದೇ ನಂಬರಿನ ಮನೆಗಳ ಎದುರು 'ಬೇರೆ' ಎಂದು ಬರೆದಿತ್ತು. ಅವರು ಕನ್ನಡಕ ಹಾಕಿ ತುಂಬ ಹೊತ್ತು ನೋಡಿದರು. ಲೆಕ್ಕದಲ್ಲಿ ಹುಷಾರಿನ ಮನುಷ್ಯ, ಎರಡನೇ ಸಲ ಹೇಳಬೇಕಾಗಲಿಲ್ಲ.

"ನೀನು ಮಾಡಿದ್ದಲ್ಲ. ಗೊತ್ತಾಯ್ತು."

"ಹಾಗಾದರೆ ಮೂಡಬಿದ್ರೆ?"

ಕನ್ನಡಕ ತೆಗೆದು ಒರೆಸಿದರು. "ನೋಡು ಮಗಳೇ, ಅವ ಈ ಅಂಗಡಿಯ ಶಟರು ಮೊದಲ ಸಲ ಎತ್ತಿದ ದಿನದಿಂದ ಇರುವವ. ಈಗ ನಿನ್ನನ್ನು ಅಲ್ಲಿ ಕೂರಿಸಿದರೆ ಅವ ಸುಳ್ಳು ಹೇಳಿದ್ದು ಅಂತ ನಾನೇ ಊರಿಗೆ ಹೇಳಿದ ಹಾಗೆ. ಅಲ್ಲಿಗೆ ಅವನ ಅಳಿಯನನ್ನು ಹಾಕುವ ಅಂತ ಮಾತಾಗಿದೆ. ನೀನು ಇಲ್ಲೇ ಇರು. ನಿನಗೆ ಎಂತದೂ ಕಮ್ಮಿ ಮಾಡುವುದಿಲ್ಲ."

ಮಾತು ಯಾವಾಗ ಆದದ್ದು ಎಂದು ನಾನು ಕೇಳಲಿಲ್ಲ. ಕೇಳಬೇಕಿತ್ತು. ಗುಂಡಿ ಒತ್ತುವ ಮೊದಲೋ, ಆಮೇಲೋ ಎಂಬುದು ನನಗೆ ಇನ್ನೂ ಗೊತ್ತಿಲ್ಲ.

ಸಂಜೆ ಹೊರಡುವಾಗ ಮೆನೇಜರ್ ನನ್ನ ಮೇಜಿನ ಹತ್ತಿರ ಬಂದರು. ಏನೂ ಆಗದ ಹಾಗೆ, "ತಂಗೀ, ಅಳಿಯನಿಗೆ ಆ ಶೀಟಿನ ಕೆಲಸ ಒಂದು ವಾರ ಹೇಳಿಕೊಡು. ಬಸ್ಸಿನ ಖರ್ಚು ಅಂಗಡಿಯಿಂದ," ಎಂದರು.

"ಹೇಳಿಕೊಡುವುದಿಲ್ಲ."

"ಎಂತ?"

"ಹೇಳಿಕೊಡುವುದಿಲ್ಲ ಅಂದೆ."

ಕೌಂಟರಿನಲ್ಲಿದ್ದವರೆಲ್ಲ ಈ ಕಡೆ ತಿರುಗಿದರು. "ಅಬ್ಬ, ಡಿಗ್ರಿಯ ಗತ್ತು," ಎಂದು ನಕ್ಕು ಮೆನೇಜರ್ ಬೆರಳಲ್ಲಿ ಕೀಗೊಂಚಲು ತಿರುಗಿಸುತ್ತಾ ಹೊರಗೆ ಹೋದರು. ಗತ್ತೇ ಹೌದು. ಅದನ್ನು ನನಗೆ ಯಾರೂ ಪುಕ್ಕಟೆ ಕೊಟ್ಟದ್ದಲ್ಲ.

ಮನೆಗೆ ಬಂದಾಗ ಅಮ್ಮ ಮೊರ ಮಡಿಲಲ್ಲಿಟ್ಟುಕೊಂಡು ಬೀಡಿ ಕಟ್ಟುತ್ತಿದ್ದಳು. ನನ್ನ ಮುಖ ನೋಡಿ, "ಕೆಲಸ ಹೋಯ್ತಾ?" ಎಂದಳು.

"ಕೆಲಸ ಉಂಟು. ಮೂಡಬಿದ್ರೆ ಇಲ್ಲ."

ನಡೆದದ್ದನ್ನೆಲ್ಲ ಹೇಳಿದೆ. ಗುಂಡಿ, ಕಾಲಮು ಅವಳಿಗೆ ಅರ್ಥವಾಗಲಿಲ್ಲ. ಆದರೆ ಒಂದು ಫೋನಿಗೆ ಎಂಟು ಮನೆ ಎಂಬುದು ಅವಳಿಗೆ ನನಗಿಂತ ಚೆನ್ನಾಗಿ ಗೊತ್ತಿತ್ತು. ಎಲೆ ಕತ್ತರಿಸುವುದನ್ನು ನಿಲ್ಲಿಸಿ ಕೇಳಿದಳು.

"ನಿನ್ನನ್ನು ಕೆಲಸಕ್ಕೆ ಸೇರಿಸಿದ್ದು ಅವನೇ ಅಲ್ವಾ?"

"ಹೌದು."

"ಮತ್ತೆ ಹಾಗೆ ಯಾಕೆ ಮಾಡಿದ?"

ನಾನು ಕೈಕಾಲು ತೊಳೆಯಲು ಬಾವಿಕಟ್ಟೆಗೆ ಹೋದೆ. ಕಾರ್ಡು ಸಿಗದ ಆಚೆ ಮನೆಯ ಹೆಂಗಸು ಅಲ್ಲಿ ನೀರು ಸೇದುತ್ತಿದ್ದಳು. ನನ್ನನ್ನು ಕಂಡವಳೇ ಕೊಡ ಎತ್ತಿಕೊಂಡು ಮಾತಾಡದೆ ಹೋದಳು.